ಮಗನ ಮೊದಲ ಲೆದರ್ ಬಾಲ್ ಬ್ಯಾಟ್: ಆರನೇ ಸೈಜ್ ಬೇಡ

“ಮಗನಿಗೆ 10 ವರ್ಷ, ಎತ್ತರ 4 ಅಡಿ 8 ಇಂಚು. ಲೆದರ್ ಬಾಲ್ ಕೋಚಿಂಗ್‌ಗೆ ಸೇರಿಸಿದ್ದೇವೆ. ಎರಡು ವರ್ಷ ಬರಲಿ ಅಂತ 6ನೇ ಸೈಜಿನ ಇಂಗ್ಲಿಷ್ ವಿಲ್ಲೋ ತಗೊಳ್ಳಲಾ?”

ಬೇಡ ಸರ್. ನಾನೂ ಹೀಗೇ ‘ಬೆಳೆಯುತ್ತಾನಲ್ಲ’ ಅಂತ ದೊಡ್ಡ ಬ್ಯಾಟ್ ಕೊಡಿಸಿದ್ದೆ. ಭಾರ ತಾಳದೆ ಹುಡುಗ ಹಿಡಿಯ ಬುಡಕ್ಕೇ ಕೈ ಇಳಿಸಿಕೊಂಡ. ನೇರ ಬಂದ ಚೆಂಡನ್ನೂ ಕೆಳಗೈಯಿಂದ ಲೆಗ್ ಸೈಡಿಗೆ ಎಳೆಯತೊಡಗಿದ. ಬ್ಯಾಟ್ ಬದಲಾಯಿಸಿದ್ದು ಒಂದೇ ದಿನದಲ್ಲಿ, ಆ ಅಭ್ಯಾಸ ಬಿಡಿಸೋಕೆ ಒಂದು ಸೀಸನ್ನೇ ಹೋಯಿತು.

ನಿಮ್ಮ ಮಗನ ಎತ್ತರಕ್ಕೆ 4 ಅಥವಾ 5. ಮೇಲೆ ಉತ್ತರಿಸಿದ ಅಣ್ಣ 5 ಅಂದಿದ್ದಾರೆ, ನಾನಾದರೆ 4ರ ಕಡೆಗೇ ವಾಲುತ್ತೇನೆ. ಎರಡನ್ನೂ ಕೈಗೆ ಕೊಟ್ಟು ನೋಡಿ. ಮೇಲಿನ ಕೈಯೊಂದರಲ್ಲೇ ಹಿಡಿದು, ತೋಳು ಪಕ್ಕಕ್ಕೆ ಚಾಚಿ ಹತ್ತು ಎಣಿಸಲಿ. ಅಷ್ಟರೊಳಗೆ ಬ್ಯಾಟಿನ ತುದಿ ಕೆಳಗೆ ಜಾರಿದರೆ ಅದು ಅವನದಲ್ಲ. ಸುಮಾರು 900 ಗ್ರಾಂ ಆಸುಪಾಸು ಇದ್ದರೆ ಒಳ್ಳೆಯದು. ಸ್ಟಿಕ್ಕರ್ ಮೇಲೆ ಬರೆದಿದ್ದನ್ನು ನಂಬಬೇಡಿ, ತೂಕದ ಯಂತ್ರದಲ್ಲಿಡಿಸಿ.

‘ಗ್ರೇನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು’ ಅಂದವರ ಮಾತು ಅರ್ಧ ಸರಿ. ಬ್ಯಾಟಿನ ಮುಖದಲ್ಲಿ ಕಾಣುವ ಮರದ ಈ ಗೆರೆಗಳು ಒತ್ತಾಗಿದ್ದರೆ ಬ್ಯಾಟ್ ಬೇಗ ಪಳಗಿ ಚೆಂಡು ಚೆನ್ನಾಗಿ ಹೋಗುತ್ತದೆ, ಆದರೆ ಸಾಮಾನ್ಯವಾಗಿ ಬೇಗ ಸವೆಯುತ್ತದೆ. ಇನ್ನು ಇಂಗ್ಲಿಷ್ ವಿಲ್ಲೋ ಗ್ರೇಡ್ ಹೆಚ್ಚಾಗಿ ನೋಟದ ಲೆಕ್ಕ: ನೇರ ಗೆರೆ, ಕಲೆ ಇಲ್ಲದ ಮುಖ. ಒಂದೆರಡು ವರ್ಷಕ್ಕೆ ಕಾಶ್ಮೀರ್ ವಿಲ್ಲೋ ಸಾಕು. ಅದು ಸಾಮಾನ್ಯವಾಗಿ ಸ್ವಲ್ಪ ಭಾರ, ಅದಕ್ಕೇ ತೂಕದ ಮಾತು ಹೇಳಿದ್ದು. ಯಾವುದೇ ಆದರೂ ಹೊಸದನ್ನು ನೇರ ನೆಟ್ಸ್‌ಗೆ ಒಯ್ಯಬೇಡಿ. ತೆಳುವಾಗಿ ಅಗಸೆ ಎಣ್ಣೆ ಸವರಿ, ಒಣಗಿದ ಮೇಲೆ ಮರದ ಸುತ್ತಿಗೆಯಿಂದ ಮುಖವನ್ನೂ ಅಂಚನ್ನೂ ಕೆಲವು ಗಂಟೆ ತಟ್ಟಿ. ಮೇಲೆ ರಕ್ಷಣಾ ಹಾಳೆ ಅಂಟಿಸಿದ್ದರೆ ಎಣ್ಣೆ ಬೇಡ.

ಚೆಂಡು ಕೊಳ್ಳುವಾಗ ಜೂನಿಯರ್ ಅಂತ ಕೇಳಿ. 13ರೊಳಗಿನವರ ಚೆಂಡು 133ರಿಂದ 144 ಗ್ರಾಂ, ದೊಡ್ಡವರದು 156ರಿಂದ 163. ಗಾತ್ರವೂ ಸಣ್ಣದು. ಇದಕ್ಕೂ ಹೆಲ್ಮೆಟ್‌ಗೂ ನಂಟಿದೆ: ದೊಡ್ಡವರ ಹೆಲ್ಮೆಟ್‌ನಲ್ಲಿ ಮುಂಚಾಚಿಗೂ ಗ್ರಿಲ್‌ಗೂ ನಡುವಿನ ಸಂದಿಯಲ್ಲಿ ಸಣ್ಣ ಚೆಂಡು ತೂರಬಹುದು. ಅಂಗಡಿಗೆ ಜೂನಿಯರ್ ಚೆಂಡು ಒಯ್ದು ಒತ್ತಿ ನೋಡಿ. ಹುಬ್ಬಿನ ಮೇಲೆ ಟೇಪ್ ಸುತ್ತಿ ತಲೆ ಅಳೆಯಿರಿ. ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಬೇರೆ ಅಲ್ಲಾಡಬಾರದು. ಪಕ್ಕದ ಮನೆಯವರ ಹಳೆಯದು ಬೇಡವೇ ಬೇಡ, ಅದಕ್ಕೆ ಎಷ್ಟು ಏಟು ಬಿದ್ದಿದೆಯೋ ಯಾರು ಬಲ್ಲರು? ಪ್ಯಾಡ್ ಬೇಕಾದರೆ ಸೆಕೆಂಡ್‌ಹ್ಯಾಂಡ್ ನಡೆಯುತ್ತದೆ, ಮಂಡಿಚಿಪ್ಪು ನಡುವಿನ ಪಟ್ಟಿಯಲ್ಲಿ ಕೂತರೆ ಆಯಿತು. ಗ್ಲೌಸ್ ಬೆರಳ ತುದಿಯಲ್ಲಿ ಜೋತುಬಿದ್ದರೆ ಹಿಡಿತ ತಪ್ಪುತ್ತದೆ. ತೊಡೆಸಂದಿನ ಗಾರ್ಡ್ ಮರೆಯಬೇಡಿ, ಹುಡುಗರು ನಾಚಿಕೆಗೆ ಕೇಳುವುದಿಲ್ಲ.

ಟೆನ್ನಿಸ್ ಬಾಲ್ ಬ್ಯಾಟೇ ಸಾಕಾಗಲ್ವಾ ಅಂತ ಕೇಳಿದ ಅಕ್ಕಾ, ಹಿಂಬದಿ ಕೊರೆದ ಆ ಹಗುರ ಬ್ಯಾಟ್ ಬೀದಿ ಆಟಕ್ಕೆ ಸರಿ. ಲೆದರ್ ಬಾಲ್ ಬಿದ್ದರೆ ಸೀಳುತ್ತದೆ.