4060 ತಗೊಳ್ಳೋ ಮುಂಚೆ ಆ ಬೆಂಚ್‌ಮಾರ್ಕ್ ಸ್ಕ್ರೀನ್ ಇನ್ನೊಂದ್ಸಲ ನೋಡಿ

ಪ್ರಶ್ನೆ: ರೈಜೆನ್ 5 3600, ಬಿ450 ಬೋರ್ಡ್, 16 ಜಿಬಿ ರ‍್ಯಾಮ್ (8+8, 3200), ಜಿಟಿಎಕ್ಸ್ 1660 ಸೂಪರ್. ಮಾನಿಟರ್ 1080ಪಿ 144 ಹರ್ಟ್ಸ್. ಶ್ಯಾಡೋ ಆಫ್ ದಿ ಟೂಂಬ್ ರೈಡರ್ ಬೆಂಚ್‌ಮಾರ್ಕ್‌ನಲ್ಲಿ Highest ಇಟ್ರೆ 68 ಎಫ್‌ಪಿಎಸ್ ಬರ್ತಿದೆ, ಸ್ಕ್ರೀನ್‌ಶಾಟ್ ಹಾಕಿದೀನಿ. ಆರ್‌ಟಿಎಕ್ಸ್ 4060 ತಗೊಂಡ್ರೆ 144 ಆಗತ್ತಾ? ಈ ವಾರ ಎಸ್‌ಪಿ ರೋಡ್‌ಗೆ ಹೋಗ್ತಿದೀನಿ, ಬೇಗ ಹೇಳಿ.

ಒಬ್ರು: ಬಾಟಲ್‌ನೆಕ್ ಗುರು. ಕ್ಯಾಲ್ಕುಲೇಟರ್ ಸೈಟಲ್ಲಿ ಹಾಕಿ ನೋಡಿದೆ, ನಿಮ್ ಪ್ರೊಸೆಸರ್ 4060ಗೆ ಸಾಕಾಗಲ್ಲ ಅಂತ ತೋರಿಸ್ತಿದೆ. ಮೊದ್ಲು ಪ್ರೊಸೆಸರ್ ಚೇಂಜ್ ಮಾಡಿ.

ಇನ್ನೊಬ್ರು: ಬೆಂಚ್‌ಮಾರ್ಕ್ ಎಲ್ಲಾ ಸುಳ್ಳು. ನನ್ ಲ್ಯಾಪ್‌ಟಾಪ್ 3050, ಸೋಫಾ ಮೇಲೆ ಕೂತು ಓಡಿಸಿದ್ರೆ ಒಂದು ನಂಬರ್, ಟೇಬಲ್ ಮೇಲೆ ಓಡಿಸಿದ್ರೆ ಇನ್ನೊಂದು. ಯಾವ್ದು ನಂಬೋದು?

ಉತ್ತರ:

ಎಸ್‌ಪಿ ರೋಡ್ ಎಲ್ಲೂ ಓಡಿಹೋಗಲ್ಲ, ಎರಡು ದಿನ ತಡೀರಿ. ನೀವು 68 ಅನ್ನೋ ದೊಡ್ಡ ನಂಬರ್ ಒಂದೇ ನೋಡಿದೀರ, ಆದ್ರೆ ಅದೇ ಸ್ಕ್ರೀನ್‌ನಲ್ಲಿ ಅದಕ್ಕಿಂತ ಮುಖ್ಯವಾದ್ದು GPU Bound ಅನ್ನೋ ಸಾಲು. ನಿಮ್ದ್ರಲ್ಲಿ 58% ಇದೆ. ಅಂದ್ರೆ ಬೆಂಚ್‌ಮಾರ್ಕ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಮಾತ್ರ ಕಾರ್ಡ್ ತಡ ಮಾಡ್ತಿದೆ, ಉಳಿದ ಹೊತ್ತು ಕಾರ್ಡ್ ಕೆಲ್ಸ ಮುಗಿಸಿ ಸುಮ್ನೆ ಕಾಯ್ತಾ ಕೂತಿದೆ. 1660 ಸೂಪರ್‌ನಂಥ ಮಧ್ಯಮ ಕಾರ್ಡ್‌ಗೆ Highest ಸೆಟ್ಟಿಂಗ್‌ನಲ್ಲಿ ಇದು 90ರ ಮೇಲಿರ್ಬೇಕು, ಹಾಗಾಗಿ ಇಲ್ಲೇನೋ ಸರಿ ಇಲ್ಲ.

ಕೆಳಗಿನ ಟೇಬಲ್ ನೋಡಿ, ಮೂರು ಸಾಲು ಇದೆ: CPU Game, CPU Render, GPU. ನಿಮ್ ಸರಾಸರಿ 92, 78, 79. ಮೊದಲ್ನೇದು ಗೇಮ್‌ನ ಲೆಕ್ಕಾಚಾರ, ಅಂದ್ರೆ ಜನ ಓಡಾಡೋದು, ಫಿಸಿಕ್ಸ್ ಅದೂ ಇದೂ. ಎರಡನೇದು ಪ್ರೊಸೆಸರ್ ಕೂತ್ಕೊಂಡು ಕಾರ್ಡ್‌ಗೆ "ಇದನ್ನ ಬಿಡಿಸು, ಅದನ್ನ ಬಿಡಿಸು" ಅಂತ ಆರ್ಡರ್ ಕಳ್ಸೋ ಕೆಲ್ಸ. ಮೂರನೇದು ಕಾರ್ಡ್ ಒಂದೇ ಇದ್ದಿದ್ರೆ ಎಷ್ಟು ಕೊಡ್ತಿತ್ತು ಅಂತ. ಪ್ರತಿ ಕ್ಷಣದಲ್ಲೂ ಈ ಮೂರರಲ್ಲಿ ಯಾವ್ದು ನಿಧಾನವೋ ಅದರ ವೇಗವೇ ನಿಮ್ಗೆ ಸಿಗೋದು. ಅದಕ್ಕೇ ಮೂರೂ 78ಕ್ಕಿಂತ ಕಮ್ಮಿ ಇಲ್ದೆ ಇದ್ರೂ ಕೈಗೆ ಸಿಕ್ಕಿದ್ದು 68, ಯಾಕಂದ್ರೆ ಒಂದ್ ಕಡೆ ಕಾರ್ಡ್ ಎಳೆದ್ರೆ ಇನ್ನೊಂದ್ ಕಡೆ ಪ್ರೊಸೆಸರ್ ಎಳೀತು. ಮದುವೆ ಊಟದಲ್ಲಿ ಅಡುಗೆಮನೆಯಿಂದ ಸಾರು ಬರೋದೇ ತಡ ಆದ್ರೆ ಬಡಿಸೋರನ್ನ ಇನ್ನೂ ನಾಲ್ಕು ಜನ ಹಾಕಿ ಏನ್ ಪ್ರಯೋಜನ, 4060 ಹಾಕೋದೂ ಅಷ್ಟೇ ಕಥೆ.

ಬಾಟಲ್‌ನೆಕ್ ಅಂದವ್ರು ದಿಕ್ಕು ಸರಿಯಾಗೇ ಹಿಡಿದಿದಾರೆ, ಪ್ರೊಸೆಸರ್ ಕಡೆನೇ ತೊಂದ್ರೆ. ಆದ್ರೆ ಆ ಕ್ಯಾಲ್ಕುಲೇಟರ್‌ಗೆ ನಿಮ್ ರ‍್ಯಾಮ್ ಹೆಂಗೆ ಕೂತಿದೆ, ಯಾವ ಗೇಮ್, ಯಾವ ಸೆಟ್ಟಿಂಗ್ ಏನೂ ಗೊತ್ತಿಲ್ಲ, ಎರಡು ಹೆಸರು ನೋಡಿ ಒಂದು ಪರ್ಸೆಂಟ್ ಉಗುಳತ್ತೆ. ನಿಮ್ 3600ಗೆ ಈ ಗೇಮ್‌ನಲ್ಲಿ CPU Render 78 ಅನ್ನೋದು ಕಡಿಮೆ ಆಯ್ತು, ಅದು ನೂರು ದಾಟ್ಬೇಕು. ಅದಕ್ಕೇ ಪ್ರೊಸೆಸರ್ ಬದ್ಲಾಯ್ಸಿ ಅಂತ ಈಗ್ಲೇ ಹೇಳಲ್ಲ. ನನ್ ಡೌಟ್ ರ‍್ಯಾಮ್ ಮೇಲೆ.

ಟಾಸ್ಕ್ ಮ್ಯಾನೇಜರ್ ತೆಗೆದು Performance, ಅದ್ರಲ್ಲಿ Memory ಒತ್ತಿ, Speed ಎಷ್ಟಿದೆ ನೋಡಿ. 3200 ಅಂತ ಡಬ್ಬಿ ಮೇಲೆ ಬರ್ದಿದ್ರೂ ಬಯೋಸ್‌ನಲ್ಲಿ XMP ಆನ್ ಮಾಡ್ದೆ ಇದ್ರೆ 2133 ಅಥ್ವಾ 2400ರಲ್ಲಿ ಓಡ್ತಿರತ್ತೆ (ಕೆಲವು ಬೋರ್ಡ್‌ನಲ್ಲಿ A-XMP ಅಥ್ವಾ DOCP ಅಂತ ಇರತ್ತೆ, ಎಲ್ಲಾ ಒಂದೇ). ಬಯೋಸ್ ಅಪ್‌ಡೇಟ್ ಮಾಡಿದ್ಮೇಲೆ ಇದು ತಾನಾಗೇ ಆಫ್ ಆಗಿರೋದೂ ಉಂಟು. ಆಮೇಲೆ ಸಿಪಿಯು-ಜೆಡ್ ಹಾಕ್ಕೊಂಡು Memory ಟ್ಯಾಬ್‌ನಲ್ಲಿ Channel # ಮುಂದೆ ಏನಿದೆ ನೋಡಿ. Single ಅಂತಿದ್ರೆ ಎರಡು ಸ್ಟಿಕ್ಕೂ ಪಕ್ಕಪಕ್ಕದ ಸ್ಲಾಟ್‌ನಲ್ಲಿ ಕೂತಿದೆ ಅಂತ ಅರ್ಥ. ನಾಲ್ಕು ಸ್ಲಾಟ್ ಇರೋ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇದು, ನಾಲ್ಕನೇದು ತುಂಬ್ಬೇಕು, ನಿಮ್ ಬೋರ್ಡ್ ಮ್ಯಾನ್ಯುಯಲ್ ಒಂದ್ಸಲ ನೋಡ್ಕೊಳ್ಳಿ. ಅಸೆಂಬಲ್ ಮಾಡೋ ಅಂಗಡಿಯವ್ರು ಅವಸರದಲ್ಲಿ ಹೆಂಗೋ ಸಿಕ್ಕಿಸಿರ್ತಾರೆ, ಆನ್ ಆಯ್ತಲ್ಲ ಸಾಕು ಅಂತ.

ಈಗ ಬೆಂಚ್‌ಮಾರ್ಕ್ ಓಡ್ಸೋ ರೀತಿ. ಏನೂ ಬದ್ಲಾಯ್ಸೋ ಮುಂಚೆ, ಈಗಿರೋ ಸ್ಥಿತಿಯಲ್ಲೇ ಮೊದ್ಲು ಓಡಿಸಿ ಬರ್ದಿಡಿ, ಇಲ್ಲಾಂದ್ರೆ ಆಮೇಲೆ ಹೋಲ್ಸೋಕೆ ಏನೂ ಇರಲ್ಲ. ಬ್ರೌಸರ್, ಡೌನ್‌ಲೋಡ್ ಎಲ್ಲಾ ಮುಚ್ಚಿ. ಗೇಮ್‌ನಲ್ಲಿ ವಿಸಿಂಕ್ ಆಫ್, Exclusive Fullscreen ಆನ್, ಡೈರೆಕ್ಟ್‌ಎಕ್ಸ್ 12 ಆನ್. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಯಾವತ್ತೋ ಫ್ರೇಮ್ ಲಿಮಿಟ್ ಹಾಕಿ ಮರ್ತಿದ್ರೆ ಅದನ್ನೂ ತೆಗೀರಿ. ಡೈರೆಕ್ಟ್‌ಎಕ್ಸ್ 11ರಲ್ಲಿ ಓಡಿಸಿದ್ರೆ ಪ್ರೊಸೆಸರ್ ನಂಬರ್ ಬೇರೆನೇ ಬರತ್ತೆ, ಯೂಟ್ಯೂಬ್‌ನವ್ರ ನಂಬರ್ ಜೊತೆ ಹೋಲ್ಸಿ ತಲೆ ಕೆಡಿಸ್ಕೊಳ್ಳೋರು ಎಷ್ಟೋ ಸಲ ಎಡವೋದು ಇಲ್ಲೇ.

ಮೊದಲ್ನೇ ರನ್ ಲೆಕ್ಕಕ್ಕೆ ತಗೋಬೇಡಿ, ಆಗ ಗೇಮ್ ಇನ್ನೂ ಡಿಸ್ಕ್‌ನಿಂದ ಓದ್ತಾ ಇರತ್ತೆ. ಆಮೇಲಿನ ಮೂರು ಬರ್ಕೊಳ್ಳಿ, ಒಂದೊಂದೂ ಎರಡೂವರೆ ನಿಮಿಷದ ಆಸುಪಾಸು ಅಷ್ಟೇ. ಮೂರೂ ಒಂದೆರಡು ಎಫ್‌ಪಿಎಸ್ ಒಳಗಿದ್ರೆ ನಂಬಬಹುದು. ಒಂದು 68, ಇನ್ನೊಂದು 61 ಅಂತ ಬಂದ್ರೆ ಹಿಂದೆ ಏನೋ ಓಡ್ತಿದೆ ಅಥ್ವಾ ಬಿಸಿ ಆಗ್ತಿದೆ, ಅದನ್ನ ಹುಡ್ಕೋವರೆಗೂ ಮುಂದಕ್ಕೆ ಹೋಗ್ಬೇಡಿ. Min ಕಾಲಂ ನೋಡಿ ಗಾಬರಿ ಆಗ್ಬೇಡಿ, ಅದು ಒಂದೇ ಒಂದು ಕೆಟ್ಟ ಫ್ರೇಮ್‌ನ ನಂಬರ್, ಪ್ರತಿ ಸಲ ಬೇರೆ ಬರತ್ತೆ. 95% ಅನ್ನೋ ಕಾಲಂ ಕೆಲ್ಸದ್ದು, ನೂರು ಫ್ರೇಮ್‌ನಲ್ಲಿ 95 ಅದಕ್ಕಿಂತ ಚೆನ್ನಾಗೇ ಬಂದಿದೆ ಅಂತ.

ಆಮೇಲೆ ನಿಮ್ 144ರ ಪ್ರಶ್ನೆಗೆ ನೇರ ಉತ್ತರ ಕೊಡೋ ರನ್ ಒಂದಿದೆ. ಪ್ರೀಸೆಟ್ Highestನಲ್ಲೇ ಬಿಟ್ಟು ರೆಸಲ್ಯೂಶನ್ ಮಾತ್ರ 1280x720ಕ್ಕೆ ಇಳ್ಸಿ ಓಡ್ಸಿ. ಪ್ರೀಸೆಟ್ Lowest ಮಾಡ್ಬೇಡಿ, ಯಾಕಂದ್ರೆ ಅದ್ರಲ್ಲಿ ದೂರದ ವಸ್ತುಗಳ ಡೀಟೇಲ್ ಅದೂ ಇದೂ ಕಮ್ಮಿ ಆಗಿ ಪ್ರೊಸೆಸರ್ ಕೆಲ್ಸಾನೂ ಹಗುರ ಆಗ್ಬಿಡತ್ತೆ. ರೆಸಲ್ಯೂಶನ್ ಇಳ್ಸಿದ್ರೆ ಕಾರ್ಡ್‌ಗೆ ಮಾತ್ರ ಆರಾಮ, ಪ್ರೊಸೆಸರ್‌ಗೆ ಹೆಚ್ಚುಕಮ್ಮಿ ಅಷ್ಟೇ ಕೆಲ್ಸ. ಆಗ ಬರೋ ಸರಾಸರಿನೇ ಈ ಸೆಟ್ಟಿಂಗ್‌ನಲ್ಲಿ ನಿಮ್ ಮೆಶೀನ್‌ನ ಚಾವಣಿ ಅಂದ್ಕೊಳ್ಳಿ, 4060 ಅಲ್ಲ 4090 ಹಾಕಿದ್ರೂ 1080ಪಿಯಲ್ಲಿ ಅದನ್ನ ದಾಟೋದು ಕಷ್ಟ. ಬೆಂಚ್‌ಮಾರ್ಕ್‌ನ ಕೊನೇ ಸೀನ್, ಜನ ತುಂಬಿರೋ ಊರೊಳಗೆ ಲಾರಾ ನಡ್ಕೊಂಡು ಹೋಗೋದು, ಅಲ್ಲಿ ಕಣ್ಣಿಡಿ, ಪ್ರೊಸೆಸರ್ ಏದುಸಿರು ಬಿಡೋದು ಅಲ್ಲೇ.

ಲ್ಯಾಪ್‌ಟಾಪ್‌ನವ್ರಿಗೆ: ಸೋಫಾ ಮೇಲೆ ಕೂತಾಗ ಚಾರ್ಜರ್ ಹಾಕಿರ್ತೀರಾ? ಬ್ಯಾಟರಿ ಮೇಲೆ ಕಾರ್ಡ್‌ಗೆ ಪೂರ್ತಿ ಪವರ್ ಸಿಗಲ್ಲ, ಮೆತ್ತೆ ಮೇಲಿಟ್ರೆ ಗಾಳಿನೂ ಹೋಗಲ್ಲ. ಬೆಂಚ್‌ಮಾರ್ಕ್ ಸುಳ್ಳು ಹೇಳಿಲ್ಲ, ಎರಡು ಬೇರೆ ಸ್ಥಿತಿಗೆ ಎರಡು ನಂಬರ್ ಕೊಟ್ಟಿದೆ. 3050 ಕೂಡ ಲ್ಯಾಪ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ಬೇರೆ ಬೇರೆ ವ್ಯಾಟ್‌ನಲ್ಲಿ ಬರತ್ತೆ, ಇನ್ನೊಬ್ರ ನಂಬರ್ ಜೊತೆ ಹೋಲ್ಸೋಕೆ ಹೋಗ್ಬೇಡಿ.

ಕೇಳಿದವರು (ಎರಡು ದಿನ ಆದ್ಮೇಲೆ): ಸರ್ ನೀವು ಹೇಳಿದ್ದೇ ಆಯ್ತು, ಸ್ಪೀಡ್ 2133, ಚಾನೆಲ್ Single. 720ಪಿ ರನ್‌ನಲ್ಲಿ ಬರೀ 77 ಬಂತು, GPU Bound 2%. ಸ್ಟಿಕ್ ಜಾಗ ಬದ್ಲಾಯ್ಸಿ XMP ಆನ್ ಮಾಡ್ದೆ. ಈಗ 1080ಪಿ Highest 78, GPU Bound 96%. CPU Game 121, CPU Render 108, GPU 80. 720ಪಿ 104. ದುಡ್ಡೇ ಖರ್ಚಿಲ್ದೆ ಹತ್ತು ಎಫ್‌ಪಿಎಸ್! ಆದ್ರೆ ಸೈಬರ್‌ಪಂಕ್ ಆಡುವಾಗ ಈಗ್ಲೂ ಆಗಾಗ ಜರ್ಕ್ ಹೊಡೀತಿದೆ. ಈಗ ಕಾರ್ಡ್ ತಗೊಳ್ಲಾ?

ಉತ್ತರ: ಸ್ಕ್ರೀನ್‌ನ GPU ಸಾಲು ನೋಡಿ, ಮೊದ್ಲು 79, ಈಗ 80. ಕಾರ್ಡ್ ಹಾಗೇ ಇದೆ, ಹಾಗಾಗಿ ಅದು ಬದ್ಲಾಗ್ಬಾರ್ದು, ಬದ್ಲಾಗಿಲ್ಲ. ಅದಕ್ಕೇ ನಿಮ್ ನಂಬರ್ ನಂಬ್ತೀನಿ. ಈಗ ಕಾರ್ಡೇ ಹಿಂದೆ ಎಳೀತಿರೋದು ಅನ್ನೋದು ನಿಜ. 4060 ಹಾಕಿದ್ರೆ ಈ ಗೇಮ್‌ನಲ್ಲಿ ಇದೇ ಸೆಟ್ಟಿಂಗ್‌ಗೆ 78ರಿಂದ ನೂರರ ಹತ್ರ ಬರಬಹುದು, 104ರ ಗೋಡೆ ಅಲ್ಲೇ ಇದೆ, 144 ಆಗಲ್ಲ. ಅಷ್ಟಕ್ಕೆ ಅಷ್ಟು ದುಡ್ಡಾ ಅನ್ನೋದು ನೀವೇ ನೋಡ್ಕೊಳ್ಳಿ. 144ನೇ ಬೇಕು ಅಂದ್ರೆ ಪ್ರೊಸೆಸರ್ ಕೂಡ ಬದ್ಲಾಯ್ಸ್ಬೇಕಾಗತ್ತೆ, ಬಿ450ಗೆ ಬಯೋಸ್ ಅಪ್‌ಡೇಟ್ ಮಾಡಿ ರೈಜೆನ್ 5600 ಕೂರ್ಸ್ಬಹುದು, ಬೋರ್ಡ್ ಎಸೆಯೋದು ಬೇಕಿಲ್ಲ, ಆದ್ರೆ 5600ರಲ್ಲೂ Highestನಲ್ಲಿ ಪೂರ್ತಿ 144 ಸಿಗತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲ. ಎಸ್‌ಎಂಪಿಎಸ್ ಬಗ್ಗೆ ಚಿಂತೆ ಬೇಡ, 1660 ಸೂಪರ್ 125 ವ್ಯಾಟ್, 4060 115 ವ್ಯಾಟ್. ಒಂದು ಕೊಕ್ಕೆ ಇದೆ, 4060 ಬೋರ್ಡ್ ಜೊತೆ ಮಾತಾಡೋಕೆ ಎಂಟೇ ಲೇನ್ ಬಳ್ಸತ್ತೆ, ನಿಮ್ ಬೋರ್ಡ್ ಪಿಸಿಐಇ 3.0, ಸ್ವಲ್ಪ ನಷ್ಟ ಆಗತ್ತೆ, ತುಂಬಾ ಅಲ್ಲ.

ಸೈಬರ್‌ಪಂಕ್ ಜರ್ಕ್‌ಗೆ ಟೂಂಬ್ ರೈಡರ್ ನಂಬರ್ ಇಟ್ಕೊಂಡು ಉತ್ತರ ಹೇಳೋಕಾಗಲ್ಲ. ಟೂಂಬ್ ರೈಡರ್ 2018ರ ಗೇಮ್, ಕಾರ್ಡ್‌ನ 6 ಜಿಬಿ ಮೆಮರಿ ತುಂಬಿದ್ರೆ ಏನಾಗತ್ತೆ ಅನ್ನೋದನ್ನ ಇದು ಅಷ್ಟಾಗಿ ತೋರ್ಸಲ್ಲ. ಸೈಬರ್‌ಪಂಕ್‌ಗೆ 2022ರ ಪ್ಯಾಚ್ 1.5ರಿಂದ ಅದರದ್ದೇ ಬೆಂಚ್‌ಮಾರ್ಕ್ ಇದೆ, ಓಡ್ಸಿ, ಆದ್ರೆ ಓಡ್ಸೋ ಮುಂಚೆ ಅಪ್‌ಸ್ಕೇಲಿಂಗ್ ಆಫ್ ಇದ್ಯಾ ನೋಡಿ, ಪ್ರೀಸೆಟ್ ಒತ್ತಿದ್ರೆ ಅದೂ ಜೊತೆಗೆ ಆನ್ ಆಗಿರಬಹುದು, ಆಗ ನಿಮ್ 1080ಪಿ ನಿಜವಾದ 1080ಪಿ ಅಲ್ಲ. ಅದು ಓಡ್ವಾಗ್ಲೇ ಟಾಸ್ಕ್ ಮ್ಯಾನೇಜರ್‌ನ GPU ಪುಟದಲ್ಲಿ ಡೆಡಿಕೇಟೆಡ್ ಮೆಮರಿ 6ರ ಅಂಚಿಗೆ ಅಂಟ್ಕೊಂಡು ಶೇರ್ಡ್ ಮೆಮರಿ ಏರ್ತಿದ್ಯಾ ಅಂತ ನೋಡಿ. ಏರ್ತಿದ್ರೆ ಟೆಕ್ಸ್ಚರ್ ಒಂದು ಹೆಜ್ಜೆ ಇಳ್ಸಿ ಮತ್ತೆ ಓಡ್ಸಿ, ಜರ್ಕ್ ಹೋದ್ರೆ ಕಾರಣ ಮೆಮರಿನೇ, 4060ರ 8 ಜಿಬಿ ಅಲ್ಲಿ ಕೆಲ್ಸಕ್ಕೆ ಬರತ್ತೆ. ಹೋಗ್ದೆ ಇದ್ರೆ ಡಿಸ್ಕ್ ಇರಬಹುದು, ಪ್ರೊಸೆಸರ್ ಇರಬಹುದು, ಈಗ್ಲೇ ಹೇಳೋಕಾಗಲ್ಲ. ಅಲ್ದೆ ಆ ಬೆಂಚ್‌ಮಾರ್ಕ್ ಗೇಮ್‌ನೊಳಗಿನ ಮಾರ್ಕೆಟ್ ಗದ್ದಲದಷ್ಟು ಪ್ರೊಸೆಸರ್ ಹಿಂಡಲ್ಲ, ಹಾಗಾಗಿ ಜರ್ಕ್ ಹೊಡಿಯೋ ಜಾಗದ ಒಂದು ಸೇವ್ ಇಟ್ಕೊಂಡು ಅಲ್ಲೇ ಸುತ್ತಾಡಿ ನೋಡೋದು ವಾಸಿ.

ಇನ್ನೊಂದು, ಎರಡೂವರೆ ನಿಮಿಷದಲ್ಲಿ ಮೆಶೀನ್ ಸರಿಯಾಗಿ ಬಿಸಿನೇ ಆಗಲ್ಲ. ಒಂದು ಗಂಟೆ ಆಡಿ, ಗೇಮ್ ಮುಚ್ಚಿದ ತಕ್ಷಣ ಬೆಂಚ್‌ಮಾರ್ಕ್ ಒಂದ್ಸಲ ಓಡ್ಸಿ. 78 ಇದ್ದಿದ್ದು 70ಕ್ಕೆ ಬಂದ್ರೆ ಧೂಳು ಹೊಡ್ದು ಥರ್ಮಲ್ ಪೇಸ್ಟ್ ನೋಡ್ಬೇಕು. ಕಲಬುರಗಿ, ರಾಯಚೂರು ಕಡೆಯವ್ರಾದ್ರೆ ಈ ರನ್ ಏಪ್ರಿಲ್ ಮಧ್ಯಾಹ್ನ ಮಾಡಿ, ಜನವರಿ ರಾತ್ರಿ ಮಾಡಿದ್ರೆ ಏನೂ ಗೊತ್ತಾಗಲ್ಲ. ಸೈಬರ್‌ಪಂಕ್ ಸ್ಕ್ರೀನ್‌ಶಾಟ್ ಹಾಕಿ, ಮೆಮರಿ ಗ್ರಾಫ್ ಜೊತೆಗೇ ಇರ್ಲಿ.