50 ಎಂಪಿ ಮೋಡ್ ಮೊದಲು ಆಫ್ ಮಾಡಿ

ಪ್ರಶ್ನೆ: ಸರ್, ನನ್ನ ಫೋನಿನಲ್ಲಿ 50 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ. ಅಕ್ಕನ ಮಗುವಿನ ನಾಮಕರಣಕ್ಕೆ 50 ಎಂಪಿ ಮೋಡಿನಲ್ಲೇ 400 ಫೋಟೊ ತೆಗೆದೆ. ಮನೆ ಒಳಗೆ ತೆಗೆದವೆಲ್ಲ ಮರಳು ಚೆಲ್ಲಿದ ಹಾಗೆ ಬಂದಿವೆ, ಮೆಮೊರಿಯೂ ತುಂಬಿತು. ಸ್ಟುಡಿಯೊದವರು ನೋಡಿದರೆ ಫೈಲೇ ಓಪನ್ ಆಗ್ತಿಲ್ಲ ಅಂತಾರೆ. ಯಾವ ಸೆಟ್ಟಿಂಗ್ ಇಟ್ಟುಕೊಂಡರೆ ಸರಿ? ಗ್ರಿಡ್ ಲೈನ್‌ನಿಂದ ಏನಾದ್ರೂ ಉಪಯೋಗ ಇದೆಯಾ?
— ಓದುಗರೊಬ್ಬರು, ಹಾಸನ

ಉತ್ತರ: ತಪ್ಪು ನಿಮ್ಮದಲ್ಲ. ಫೋನಿನ ಡಬ್ಬದ ಮೇಲೆ ಅಷ್ಟು ದೊಡ್ಡದಾಗಿ 50 ಅಂತ ಬರೆದಿದ್ದರೆ ಯಾರಾದರೂ ಅದನ್ನೇ ಆನ್ ಮಾಡ್ತಾರೆ, ನಾನೂ ಮಾಡಿದ್ದೆ.

ಫೋನಿನೊಳಗೆ ಬೆಳಕನ್ನು ಹಿಡಿದು ಫೋಟೊ ಮಾಡುವ ಸೆನ್ಸರ್ ಬೆರಳಿನ ಉಗುರಿನಷ್ಟು ಚಿಕ್ಕದು. ಅದರ ಮೇಲೆ ಬೀಳುವ ಬೆಳಕೂ ಅಷ್ಟೇ. ಒಂದು ಹೋಳಿಗೆಯನ್ನು ನಾಲ್ಕು ತುಂಡು ಮಾಡಿದರೂ ಹದಿನಾರು ಮಾಡಿದರೂ ಒಳಗಿನ ಹೂರಣ ಜಾಸ್ತಿ ಆಗಲ್ಲ, ಅಲ್ವಾ? ಹಾಗೇ ಇದು. 50 ಎಂಪಿ ಅಂದರೆ ಆ ಸೆನ್ಸರನ್ನು ಐದು ಕೋಟಿ ಚುಕ್ಕಿ ಮಾಡಿದ ಹಾಗೆ, ಆ ಚುಕ್ಕಿಯೇ ಪಿಕ್ಸೆಲ್. ಈ ಮೋಡಿನಲ್ಲಿ ಒಂದೊಂದು ಪಿಕ್ಸೆಲ್‌ಗೂ ಸಿಗೋ ಬೆಳಕು ತೀರಾ ಕಡಿಮೆ. ಹೊರಗೆ ಮಧ್ಯಾಹ್ನದ ಬಿಸಿಲಿದ್ದರೆ ಆ ಚೂರೂ ಸಾಕಾಗುತ್ತದೆ, ನಡುಮನೆಯ ಟ್ಯೂಬ್‌ಲೈಟಿನಲ್ಲಿ ಸಾಕಾಗಲ್ಲ, ಆಗ ಫೋನು ಇರೋ ಬೆಳಕನ್ನೇ ಎಳೆದು ಹೆಚ್ಚಿಸುತ್ತದೆ ಮತ್ತು ಅದರ ಜೊತೆಗೆ ಆ ಮರಳೂ ಎದ್ದು ಬರುತ್ತದೆ. ಕಪ್ಪು ಕೂದಲು, ಗಾಢ ಬಣ್ಣದ ಸೀರೆ, ಮೂಲೆಯ ನೆರಳು ಇವನ್ನು ದೊಡ್ಡದು ಮಾಡಿ ನೋಡಿ, ಮೊದಲು ಕಾಣೋದು ಅಲ್ಲೇ.

ಅದಕ್ಕೇ ಫೋನು ಮಾಡಿದವರು ಮಾಮೂಲಿ ಮೋಡಿನಲ್ಲಿ ಅಕ್ಕಪಕ್ಕದ ನಾಲ್ಕು ಪಿಕ್ಸೆಲ್‌ಗಳ ಬೆಳಕನ್ನು ಸೇರಿಸಿ ಒಂದು ಮಾಡಿರುತ್ತಾರೆ. 50ನ್ನು ನಾಲ್ಕರಿಂದ ಭಾಗಿಸಿ, 12.5 ಬರುತ್ತದೆ. ನಿಮ್ಮ ಫೋನು ಸುಮ್ನೆ ಬಿಟ್ಟರೆ 12 ಎಂಪಿ ಫೋಟೊ ಕೊಡೋದು ಈ ಲೆಕ್ಕದಿಂದ, ಜಿಪುಣತನದಿಂದಲ್ಲ. ಇನ್ನೊಂದು ವಿಷಯ, ಮಾಮೂಲಿ ಮೋಡಿನಲ್ಲಿ ಫೋನು ಒಂದು ಕ್ಲಿಕ್ಕಿಗೆ ನಾಲ್ಕಾರು ಫೋಟೊ ತೆಗೆದು ಒಂದರ ಮೇಲೊಂದು ಕೂಡಿಸಿ ಮರಳು ತಗ್ಗಿಸುತ್ತದೆ. 50 ಎಂಪಿಯಲ್ಲಿ ಈ ಕೆಲಸ ಸಾಮಾನ್ಯವಾಗಿ ಕಡಿಮೆ ಆಗುತ್ತದೆ, ಫೋಟೊ ಸೇವ್ ಆಗೋದೂ ನಿಧಾನ. ಅಷ್ಟರಲ್ಲಿ ಮಗು ಮುಖ ತಿರುಗಿಸಿರುತ್ತದೆ.

‘ಪ್ರಿಂಟ್‌ಗೆ 12 ಎಂಪಿ ಸಾಕಾ’ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಲೆಕ್ಕ ಹಾಕೋಣ. ಒಳ್ಳೆಯ ಪ್ರಿಂಟ್‌ಗೆ ಒಂದು ಇಂಚಿಗೆ 300 ಪಿಕ್ಸೆಲ್ ಇದ್ದರೆ ಬೇಕಾದಷ್ಟಾಯಿತು. ಆಲ್ಬಮ್ಮಿನ 4x6 ಫೋಟೊಗೆ 1200x1800 ಪಿಕ್ಸೆಲ್ ಬೇಕು, ಅಂದರೆ ಎರಡು ಎಂಪಿ ಚಿಲ್ಲರೆ. ಗೋಡೆಗೆ ಹಾಕೋ 8x12ಕ್ಕೆ 2400x3600. ನಿಮ್ಮ 12 ಎಂಪಿ ಫೋಟೊದಲ್ಲಿ ಸುಮಾರು 3000x4000 ಇರುತ್ತದೆ, ಎರಡಕ್ಕೂ ಆಗಿ ಇನ್ನೂ ಮಿಗುತ್ತದೆ. ಮೆಮೊರಿ ವಿಷಯಕ್ಕೆ ಬಂದರೆ, 12 ಎಂಪಿಯ ಒಂದು ಜೆಪೆಗ್ ಫೋಟೊ ಮೂರು-ನಾಲ್ಕು ಎಂಬಿ ಆಗಬಹುದು, 50 ಎಂಪಿಯದು ಹದಿನೈದರ ಹತ್ತಿರ ಹೋಗುತ್ತದೆ. 400 ಫೋಟೊಗೆ ಒಂದೂವರೆ ಜಿಬಿ ಎಲ್ಲಿ, ಆರು ಜಿಬಿ ಎಲ್ಲಿ!

ಹಾಗಂತ 50 ಎಂಪಿ ದಂಡ ಅಂತಲ್ಲ. ನಿಮ್ಮೂರಿನ ಹತ್ತಿರವೇ ಹಳೇಬೀಡು ಇದೆ. ಬೆಳಗಿನ ಒಳ್ಳೆ ಬಿಸಿಲಿನಲ್ಲಿ ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯನ್ನು ಈ ಮೋಡಿನಲ್ಲಿ ತೆಗೆಯಿರಿ. ಆಮೇಲೆ ಮನೆಗೆ ಬಂದು ಆ ಆನೆಗಳ ಸಾಲಿನಲ್ಲಿ ಒಂದನ್ನು ಮಾತ್ರ ಕತ್ತರಿಸಿಕೊಂಡರೂ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಕಲ್ಲು ಅಲುಗಾಡಲ್ಲ, ಬೆಳಕು ಧಾರಾಳ. ಈ ಎರಡೂ ಇದ್ದರೆ ಮಾತ್ರ ಆನ್ ಮಾಡಿ, ಮುಗಿದ ಮೇಲೆ ಮರೆಯದೆ ಆಫ್ ಮಾಡಿ.

50 ಎಂಪಿ, 12 ಎಂಪಿ ಬದಲಿಸುವ ಜಾಗದಲ್ಲೇ ಸಾಮಾನ್ಯವಾಗಿ ಫೋಟೊದ ಆಕಾರಕ್ಕೆ 3:4, 9:16, Full ಅಂತ ಇರುತ್ತದೆ. 3:4 ಇಟ್ಟುಕೊಳ್ಳಿ. ಬಹುತೇಕ ಫೋನುಗಳ ಸೆನ್ಸರ್ ಇರೋದೇ ಆ ಆಕಾರದಲ್ಲಿ. Full ಹಾಕಿದರೆ ಸ್ಕ್ರೀನ್ ತುಂಬಾ ಕಾಣುತ್ತದೆ ನಿಜ, ಆದರೆ ಅದು ಎರಡು ಬದಿಯನ್ನು ಕತ್ತರಿಸಿ ಉಳಿದದ್ದನ್ನು ದೊಡ್ಡದಾಗಿ ತೋರಿಸೋದು ಅಷ್ಟೇ. ಫೋನು ನೆಟ್ಟಗೆ ಹಿಡಿದು ತೆಗೆದ ಗ್ರೂಪ್ ಫೋಟೊದಲ್ಲಿ ಕೊನೆಯಲ್ಲಿ ನಿಂತ ಚಿಕ್ಕಪ್ಪ ಅರ್ಧ ಕಾಣೆಯಾಗೋದು ಹೀಗೇ.

ಇನ್ನು ಓಪನ್ ಆಗದ ಫೈಲು. ಫೈಲಿನ ಹೆಸರಿನ ಕೊನೆ ನೋಡಿ, ಬಹುಶಃ `.heic` ಅಂತ ಇರುತ್ತದೆ. ಇದು ಫೋಟೊ ಸೇವ್ ಮಾಡುವ ಇನ್ನೊಂದು ಬಗೆ, ಕೆಟ್ಟದ್ದೇನಲ್ಲ. ಹೆಚ್ಚುಕಡಿಮೆ ಅದೇ ಗುಣಮಟ್ಟದ ಫೋಟೊವನ್ನು ಜೆಪೆಗ್‌ನ ಅರ್ಧ ಜಾಗದಲ್ಲಿ ಇಡುತ್ತದೆ, ಐಫೋನಿನಲ್ಲಿ 2017ರಿಂದಲೂ ಇದೆ. ತೊಂದರೆ ಏನಂದರೆ ಹಳೆಯ ಕಂಪ್ಯೂಟರ್‌ಗಳಿಗೆ, ಫೋಟೊ ಅಪ್‌ಲೋಡ್ ಮಾಡಿಸಿಕೊಳ್ಳುವ ಎಷ್ಟೋ ಅರ್ಜಿಗಳಿಗೆ ಇದು ಅರ್ಥವಾಗಲ್ಲ. ಫೋಟೊ ನಿಮ್ಮ ಫೋನಿನಲ್ಲೇ ಇರುತ್ತದೆ ಅಂದರೆ ಹಾಗೇ ಬಿಡಿ. ಸ್ಟುಡಿಯೊ, ಸೈಬರ್ ಸೆಂಟರ್, ಆಫೀಸು ಅಂತ ಓಡಾಡುವುದಿದ್ದರೆ ಜೆಪೆಗ್ ವಾಸಿ. ಐಫೋನಿನಲ್ಲಿ Settings, Camera, Formats ಒಳಗೆ ಹೋಗಿ Most Compatible ಆರಿಸಿ. ಸ್ಯಾಮ್‌ಸಂಗ್‌ನಲ್ಲಾದರೆ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ High efficiency pictures ಅನ್ನೋದನ್ನು ಆಫ್ ಮಾಡಿ. ಸೆನ್ಸರ್ ಹಿಡಿದದ್ದನ್ನು ತಿದ್ದದೆ ಹಾಗೇ ಇಡುವ ರಾ ಫೈಲ್‌ನ ತಂಟೆಗೆ ಸದ್ಯಕ್ಕೆ ಹೋಗಬೇಡಿ. ಅದನ್ನು ಕೂತು ತಿದ್ದುವವರಿಗೆ ಮಾತ್ರ.

ಇನ್ನು ಗ್ರಿಡ್, ಅಂದರೆ ಸ್ಕ್ರೀನಿನ ಮೇಲೆ ಕಾಣುವ ಅಡ್ಡ ಮತ್ತು ನಿಂತ ಗೆರೆಗಳು. ಅದನ್ನು ಆನ್ ಮಾಡಿ, ಮತ್ತೆ ಯಾವತ್ತೂ ಆಫ್ ಮಾಡಬೇಡಿ. ಗೆರೆಗಳು ಫೋಟೊದಲ್ಲಿ ಬರಲ್ಲ. ಮುಖವನ್ನು ಗೆರೆ ಕೂಡುವ ಜಾಗದಲ್ಲೇ ಇಡಬೇಕು ಅಂತ ಎಲ್ಲರೂ ಹೇಳುತ್ತಾರೆ, ಇಟ್ಟರೆ ಇಡಿ, ನನಗೆ ಅದಕ್ಕಿಂತ ಫೋಟೊ ನೆಟ್ಟಗಿರೋದು ಮುಖ್ಯ. ತೊಟ್ಟಿಲ ಹಿಂದಿನ ಬಾಗಿಲ ಚೌಕಟ್ಟನ್ನು ನಿಂತ ಗೆರೆಗೆ ಹೊಂದಿಸಿ, ಆಮೇಲೆ ಕ್ಲಿಕ್ ಮಾಡಿ. ಓರೆಯಾದ ಫೋಟೊವನ್ನು ಆಮೇಲೂ ತಿರುಗಿಸಬಹುದು, ಆದರೆ ತಿರುಗಿಸಿದಾಗಲೆಲ್ಲ ನಾಲ್ಕೂ ಮೂಲೆ ಕತ್ತರಿಸಿ ಹೋಗುತ್ತದೆ. ಅಲ್ಲೇ ಯಾರದ್ದೋ ಕೈ ಇರುತ್ತದೆ.

ಈಗಾಗಲೇ ತೆಗೆದ 400 ಫೋಟೊ ಅಳಿಸಬೇಡಿ. ವಿಂಡೋಸ್ ಕಂಪ್ಯೂಟರ್ ಆದರೆ `.heic` ತೆರೆಯಲು ಮೈಕ್ರೋಸಾಫ್ಟ್ ಸ್ಟೋರ್‌ನಿಂದ HEIF Image Extensions ಹಾಕಿಕೊಳ್ಳಲು ಸ್ಟುಡಿಯೊದವರಿಗೆ ಹೇಳಿ. ಆಗಲೂ ತೆರೆಯದಿದ್ದರೆ ಫೋನಿನಲ್ಲೇ ಜೆಪೆಗ್ ಮಾಡಿ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಬೇಡಿ, ಅದು ಹಿಂಡಿ ಚಿಕ್ಕದು ಮಾಡುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಮರಳಿಗೂ ಒಂದು ಉಪಾಯ ಇದೆ. ಆ ದೊಡ್ಡ ಫೋಟೊಗಳ ಉದ್ದ, ಅಗಲ ಎರಡನ್ನೂ ಅರ್ಧಕ್ಕೆ ಇಳಿಸಿ, ಅಂದರೆ ಅವು 12 ಎಂಪಿಗೆ ಬರುತ್ತವೆ. ನಾಲ್ಕು ಪಿಕ್ಸೆಲ್ ಸೇರಿ ಒಂದಾದಾಗ ಮರಳು ಎಷ್ಟೋ ತಗ್ಗುತ್ತದೆ. ಕೈ ಅಲುಗಿ ಮಸುಕಾದವು ಮಾತ್ರ ಸರಿಹೋಗಲ್ಲ, ಅವನ್ನು ಪಕ್ಕಕ್ಕಿಡಿ. ಉಳಿದವುಗಳಲ್ಲಿ ಒಂದನ್ನು ಮೊದಲು 4x6ನಲ್ಲಿ ಪ್ರಿಂಟ್ ಹಾಕಿಸಿ ನೋಡಿ, ಆಮೇಲೆ ಆಲ್ಬಮ್‌ಗೆ ದುಡ್ಡು ಕೊಡಿ.