ಪೈಪ್ ಒಡೆದು ಸಾಮಾನು ಹಾಳಾದರೆ ಕ್ಲೇಮ್ ಪತ್ರ ಬರೆಯುವುದು ಹೇಗೆ?

ಬಾಡಿಗೆ ಫ್ಲ್ಯಾಟಿನಲ್ಲಿ ಪೈಪ್ ಒಡೆದು ನನ್ನ ಸಾಮಾನೆಲ್ಲ ನೆನೆದಿದೆ. ಇನ್ಶೂರೆನ್ಸ್ ಕಂಪನಿಗೆ ಏನಂತ ಬರೆಯಲಿ?

ನಿಮ್ಮ ಸಾಮಾನಿನ ನಷ್ಟವನ್ನು ಮಾತ್ರ ಕೇಳಿ. ಗೋಡೆ, ನೆಲ, ಪೈಪ್ ರಿಪೇರಿ ಸಾಮಾನ್ಯವಾಗಿ ಮಾಲೀಕರಿಗೆ ಸೇರಿದ್ದು.

ಪತ್ರದಲ್ಲಿ ಜಾಸ್ತಿ ತೂಕ ಇರುವುದು ಕಾರಣ ಹೇಳುವ ವಾಕ್ಯಕ್ಕೆ. ಬಹಳಷ್ಟು ಪಾಲಿಸಿಗಳು ದಿಢೀರನೆ ಪೈಪ್ ಒಡೆದರೆ ಹಣ ಕೊಡುತ್ತವೆ, ತಿಂಗಳುಗಟ್ಟಲೆ ಜಿನುಗಿದ್ದಕ್ಕೆ ಕೊಡುವುದಿಲ್ಲ. ಹಾಗಾಗಿ ಸುಮ್ನೆ ‘ನೀರು ಸೋರಿ ಹಾಳಾಯಿತು’ ಅಂತ ಬರೆದರೆ ಅನುಮಾನ ಹುಟ್ಟುತ್ತದೆ. ನಡೆದದ್ದನ್ನು ನಡೆದಂತೆಯೇ, ಸಮಯದ ಸಮೇತ ಬರೆಯಿರಿ:

“ದಿನಾಂಕ ____ ರಂದು ಬೆಳಿಗ್ಗೆ 6:30ಕ್ಕೆ ಅಡುಗೆಮನೆ ಸಿಂಕ್ ಕೆಳಗಿನ ಪೈಪ್ ಇದ್ದಕ್ಕಿದ್ದಂತೆ ಒಡೆಯಿತು. 6:40ಕ್ಕೆ ಮೇನ್ ವಾಲ್ವ್ ಮುಚ್ಚಿದೆ. 7 ಗಂಟೆಗೆ ಮಾಲೀಕರಿಗೆ ತಿಳಿಸಿದೆ. ಅಲ್ಲಿ ಮೊದಲು ಸೋರಿಕೆ ಇರಲಿಲ್ಲ. ಹಾಳಾದ ವಸ್ತುಗಳ ಪಟ್ಟಿ, ಫೋಟೋ, ಪ್ಲಂಬರ್ ವರದಿ ಲಗತ್ತಿಸಿದ್ದೇನೆ. ಪಾಲಿಸಿ ಸಂಖ್ಯೆ ____. ದಯವಿಟ್ಟು ನಷ್ಟ ಅಂದಾಜು ಮಾಡಲು ಸರ್ವೇಯರ್ ಕಳುಹಿಸಿ.”

ವಾಲ್ವ್ ಮುಚ್ಚಿದ ಸಮಯ ಯಾಕೆ ಬೇಕು ಅಂದರೆ, ನಷ್ಟ ಹೆಚ್ಚಾಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಪ್ಲಂಬರ್ ಹತ್ತಿರ ಪೈಪ್ ಒಡೆದ ಕಾರಣ ಬರೆಸಿಕೊಳ್ಳಿ. ಒಡೆದ ತುಂಡನ್ನೂ ಇಟ್ಟುಕೊಳ್ಳಿ, ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಪಟ್ಟಿಯಲ್ಲಿ ಪ್ರತಿ ವಸ್ತುವಿನ ಮುಂದೆ ಮಾಡೆಲ್, ಕೊಂಡ ವರ್ಷ, ಬೆಲೆ ಇರಲಿ. ಬಿಲ್ ಸಿಗದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ. ಹಳೆಯ ವಸ್ತುವಿಗೆ ಸವಕಳಿ ಕಳೆದು ಕೊಡಬಹುದು, ಪಾಲಿಸಿಯಲ್ಲಿ ನೋಡಿಕೊಳ್ಳಿ.

ಸರ್ವೇಯರ್ ಬರುವವರೆಗೆ ನೆನೆದ ಹಾಸಿಗೆಯನ್ನೂ ಎಸೆಯಬೇಡಿ. ವಾಸನೆ ತಡೆಯಲಾಗದಿದ್ದರೆ ಕಂಪನಿಗೆ ಇಮೇಲ್ ಮಾಡಿ, ಒಪ್ಪಿಗೆ ಬಂದ ಮೇಲೆ ಫೋಟೋ ತೆಗೆದು ಎಸೆಯಿರಿ.